ಲೆಕ್ಕದಲ್ಲಿ 2,140 ಕ್ಯಾಲರಿ ಬಂದರೂ ತೂಕ ಇಳಿಯದಿದ್ದಾಗ

“ನಾನು ಮಹಿಳೆ, ವಯಸ್ಸು 34, ಎತ್ತರ 162 ಸೆಂ.ಮೀ., ತೂಕ 70 ಕೆ.ಜಿ. ಕುಳಿತು ಮಾಡುವ ಕೆಲಸ, ವಾರಕ್ಕೆ ಮೂರು ದಿನ ಅರ್ಧ ಗಂಟೆ ನಡಿಗೆ. ದಿನಕ್ಕೆ 2,140 ಕ್ಯಾಲರಿ ಬೇಕೆಂದು ಲೆಕ್ಕ ಬಂತು. ಒಂದು ತಿಂಗಳಿನಿಂದ 1,700 ಮಾತ್ರ ತಿನ್ನುತ್ತಿದ್ದರೂ ತೂಕ ಇಳಿದಿಲ್ಲ. ಏಕೆ?”

ಚಟುವಟಿಕೆಯ ಗುಣಕವನ್ನು ನೀವು ಹೆಚ್ಚು ಆರಿಸಿಕೊಂಡಿರುವಂತಿದೆ. ಮಿಫ್ಲಿನ್–ಸೇಂಟ್ ಜಿಯೋರ್ ಸೂತ್ರವನ್ನು ನಿಮ್ಮ ಅಂಕಿಗಳಿಗೆ ಹಾಕಿ ನೋಡಿದೆ:

```
10×70 + 6.25×162 − 5×34 − 161 ≈ 1380
```

ವಿಶ್ರಾಂತಿಯಲ್ಲಿರುವ ದೇಹಕ್ಕೆ ಬೇಕಾದದ್ದು ಇಷ್ಟು. ಇದನ್ನು 1.55ರಿಂದ ಗುಣಿಸಿದರೆ ನಿಮ್ಮ 2,140 ಬರುತ್ತದೆ. ಆದರೆ ಆ ಗುಣಕ ವಾರದ ಹೆಚ್ಚಿನ ದಿನಗಳಲ್ಲಿ ಚೆನ್ನಾಗಿ ವ್ಯಾಯಾಮ ಮಾಡುವವರಿಗೆ. ನಿಮ್ಮ ದಿನಚರಿಗೆ 1.2 ಹತ್ತಿರ, ಆಗ ಸುಮಾರು 1,660. ಅಂದರೆ ನೀವು ತಿನ್ನುತ್ತಿರುವುದು ಖರ್ಚಿನಷ್ಟೇ.

ಇದೂ ಅಂದಾಜೇ. ಸೂತ್ರ ಸರಾಸರಿಯನ್ನು ಹೇಳುತ್ತದೆ, ಸ್ನಾಯುವಿನ ಪ್ರಮಾಣವನ್ನು ನೋಡುವುದಿಲ್ಲ. ನಿಮ್ಮ ವಿಷಯದಲ್ಲಿ ಶೇ. 10ರಷ್ಟು ತಪ್ಪಿದರೂ ಅಚ್ಚರಿಯಿಲ್ಲ. ಅಡುಗೆಯ ಎಣ್ಣೆ ಲೆಕ್ಕದಿಂದ ಬಿಟ್ಟುಹೋಗಿರಲೂಬಹುದು, ಅದನ್ನು ಇಲ್ಲಿಂದ ಹೇಳಲಾರೆ.

ಆದ್ದರಿಂದ ಮೊದಲು ನಾಲ್ಕು ವಾರ ಎಣ್ಣೆಯನ್ನೂ ತೂಗಿ, ತಿಂದದ್ದನ್ನೆಲ್ಲ ಬರೆದಿಡಿ. ಪ್ರತಿದಿನ ಬೆಳಿಗ್ಗೆ ತಿನ್ನುವ ಮೊದಲು ತೂಕ ನೋಡಿ, ವಾರದ ಸರಾಸರಿ ತೆಗೆಯಿರಿ. ಮುಟ್ಟಿನ ಆಸುಪಾಸಿನಲ್ಲಿ ನೀರು ನಿಂತು ತೂಕ ಏರುವುದರಿಂದ ಎರಡು ವಾರ ಸಾಲದು. ಸರಾಸರಿ ಕದಲದಿದ್ದರೆ ನೀವು ಬರೆದಿಟ್ಟ ಕ್ಯಾಲರಿಯೇ ನಿಮ್ಮ ನಿಜವಾದ ಅಗತ್ಯ. ಅದರಿಂದ 250 ಕಡಿಮೆ ಮಾಡಿ, ಮತ್ತೆ ನಾಲ್ಕು ವಾರ ನೋಡಿ.