ಬಾಂಡ್‌ಗೆ ಸಹಿ ಹಾಕುವ ಮೊದಲು ಕೇಳದೆ ಉಳಿದ ಪ್ರಶ್ನೆ

ಮೇ, ಜೂನ್ ಬಂತೆಂದರೆ ಹಾಸನದ ನನ್ನ ಸಲಹಾ ಕೊಠಡಿಗೆ ಈ ಒಂದು ಸಮಸ್ಯೆ ಹೊತ್ತು ಯಾರಾದರೂ ಬಂದೇ ಬರುತ್ತಾರೆ. ಕೆಲಸ ಇದೆ, ಸ್ನಾತಕೋತ್ತರ ಓದಿಗೆ ಸೀಟೂ ಸಿಕ್ಕಿದೆ. ರಾಜೀನಾಮೆ ಕೊಡುವುದೋ, ರಜೆ ಕೇಳುವುದೋ ಗೊತ್ತಾಗುತ್ತಿಲ್ಲ. ರಜೆ ಕೇಳಿದರೆ ಬಾಂಡ್ ಅನ್ನುತ್ತಾರೆ, ಅಂದರೆ ಓದಿ ಬಂದು ಇಷ್ಟು ವರ್ಷ ಇಲ್ಲೇ ದುಡಿಯುತ್ತೇನೆ, ತಪ್ಪಿದರೆ ಇಷ್ಟು ಹಣ ಕಟ್ಟುತ್ತೇನೆ ಎಂಬ ಕರಾರು. ಇಲ್ಲಿ ಬರೆಯುತ್ತಿರುವ ಪ್ರಕರಣದಲ್ಲಿ ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ. ಇದನ್ನು ಬರೆಯಲು ಇನ್ನೊಂದು ಕಾರಣವೂ ಇದೆ. ಕೇಳಲೇಬೇಕಾದ ಒಂದು ಪ್ರಶ್ನೆಯನ್ನು ನಾನು ಎರಡು ಭೇಟಿ ಕಳೆದರೂ ಕೇಳಿರಲಿಲ್ಲ.

ಆಕೆ ಖಾಸಗಿ ಆಸ್ಪತ್ರೆಯೊಂದರ ಐಸಿಯುನಲ್ಲಿ ಆರು ವರ್ಷದಿಂದ ಸ್ಟಾಫ್ ನರ್ಸ್. ಸಂಬಳ 24,000. ಮದುವೆಯಾಗಿ ಒಂದು ವರ್ಷ. ತಂದೆ ಅರಕಲಗೂಡು ಕಡೆ ಆಲೂಗಡ್ಡೆ ಬೆಳೆಯುವವರು. ಮೈಸೂರಿನಲ್ಲಿ ಎಂ.ಎಸ್ಸಿ. ನರ್ಸಿಂಗ್ ಸೀಟು ಸಿಕ್ಕಿತ್ತು. ಎರಡು ವರ್ಷದ ಪೂರ್ಣಾವಧಿ ಕೋರ್ಸ್, ಹಾಸನದಲ್ಲಿ ಡ್ಯೂಟಿ ಮಾಡಿಕೊಂಡು ಓದುವಂಥದ್ದಲ್ಲ. ಆಸ್ಪತ್ರೆಯವರು ರಜೆ ಇಲ್ಲ ಅಂದಿರಲಿಲ್ಲ. ಅರ್ಧ ಸಂಬಳ ಕೊಡುವ ಮಾತೂ ಆಡಿದ್ದರು. ಆದರೆ ಅವರು ಕೊಟ್ಟ ಬಾಂಡ್ ಕರಡಿನಲ್ಲಿ ಇದ್ದದ್ದು ಇಷ್ಟು: ಐದು ವರ್ಷ ಸೇವೆ, ತಪ್ಪಿದರೆ ಐದು ಲಕ್ಷ, ತಂದೆಯ ಜಾಮೀನು, ಸಹಿ ಮಾಡಿದ ಖಾಲಿ ಚೆಕ್ಕು, ಮೂಲ ಅಂಕಪಟ್ಟಿಗಳು.

ಮೊದಲ ಎರಡು ಭೇಟಿ ಹೆದರಿಕೆ ಇಳಿಸುವುದರಲ್ಲೇ ಕಳೆಯಿತು. ಮೂರನೆಯ ಸಲ ರಜೆಯ ಮನವಿ ಪತ್ರ ಬರೆದುಕೊಂಡು ಬನ್ನಿ ಅಂದಿದ್ದೆ. ಹಳೆಯ ಡ್ಯೂಟಿ ಪಟ್ಟಿಯ ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ಬರೆದು ತಂದಿದ್ದರು. ಜೋರಾಗಿ ಓದಿ ಅಂದೆ. "ನನ್ನ ವೃತ್ತಿಯ ಬೆಳವಣಿಗೆಗಾಗಿ ದಯವಿಟ್ಟು ಎರಡು ವರ್ಷ ರಜೆ ನೀಡಬೇಕಾಗಿ..." ಎಂದು ಶುರುವಾಯಿತು.

"ಇದನ್ನು ಓದಿದ ತಕ್ಷಣ ನಿಮ್ಮ ನರ್ಸಿಂಗ್ ಸೂಪರಿಂಟೆಂಡೆಂಟ್ ತಲೆಗೆ ಏನು ಬರುತ್ತೆ?" ಎಂದೆ.

"ಐಸಿಯು ನೈಟ್ ಡ್ಯೂಟಿಗೆ ಯಾರನ್ನ ಹಾಕಲಿ ಅಂತ."

"ಆ ಪ್ರಶ್ನೆಗೆ ಪತ್ರದಲ್ಲಿ ಉತ್ತರ ಎಲ್ಲಿದೆ?"

ಇರಲಿಲ್ಲ. ಮುಂದಕ್ಕೆ ಓದಿದರು. 'ಕೋರ್ಸ್ ಮುಗಿದ ನಂತರ' ಅನ್ನುವಲ್ಲಿಗೆ ಸಾಲು ನಿಂತಿತ್ತು. ಪೆನ್ಸಿಲಿನಲ್ಲಿ ಅಳಿಸಿ, ಬರೆದು, ಮತ್ತೆ ಅಳಿಸಿ ಕಾಗದ ತೆಳುವಾಗಿತ್ತು. ಇಲ್ಲೇನು ಬರೆಯಬೇಕು ಅಂತಿದ್ದಿರಿ ಎಂದು ಕೇಳಿದೆ.

"ವಾಪಸ್ ಬರ್ತೀನಿ ಅಂತ ಬರೆಯೋಕೆ ಕೈ ಬರ್ತಿಲ್ಲ ಅಕ್ಕ. ಎಲ್ಲರೂ ಎಷ್ಟು ವರ್ಷ, ಎಷ್ಟು ದುಡ್ಡು ಅಂತಾರೆ. ನಿಂಗೆ ವಾಪಸ್ ಬರೋಕೆ ಇಷ್ಟ ಇದೆಯಾ ಅಂತ ಯಾರೂ ಕೇಳಿಲ್ಲ."

ನಾನೂ ಕೇಳಿರಲಿಲ್ಲ. ಐದು ವರ್ಷ ಜಾಸ್ತಿ, ಮೂರಕ್ಕೆ ಇಳಿಸೋಣ ಅಂತ ನಾನೇ ಚೌಕಾಸಿ ಶುರು ಮಾಡಿದ್ದೆ. ಆ ದಿನದ ಉಳಿದ ಹೊತ್ತೆಲ್ಲ ಆ ಒಂದು ಮಾತಿಗೇ ಕೊಟ್ಟೆವು. ಆಸ್ಪತ್ರೆ ಬೇಡ ಅಂತ ಆಕೆಗೆ ಅನಿಸಿರಲಿಲ್ಲ. ಓದಿ ಬಂದ ಮೇಲೂ ಅದೇ ಐಸಿಯು, ಅದೇ ನೈಟ್ ಡ್ಯೂಟಿ ಅನ್ನುವುದೇ ಬೇಡವಾಗಿತ್ತು. ಆಸ್ಪತ್ರೆಯವರದ್ದೇ ನರ್ಸಿಂಗ್ ಕಾಲೇಜು ಇದೆ. ಅಲ್ಲಿ ಪಾಠ ಮಾಡುವ ಆಸೆ. ಅದನ್ನು ಯಾರ ಮುಂದೆಯೂ ಬಾಯಿ ಬಿಟ್ಟು ಹೇಳಿರಲಿಲ್ಲ.

ಅಲ್ಲಿಂದ ಪತ್ರವೇ ಬದಲಾಯಿತು. ಕೋರ್ಸ್ ಶುರುವಾಗುವ ದಿನ, ಮುಗಿಯುವ ದಿನ ಮೇಲೆ ಬಂದವು. ಹೊರಡುವ ಮೊದಲು 45 ದಿನದಲ್ಲಿ ಇಬ್ಬರು ಕಿರಿಯ ನರ್ಸ್‌ಗಳನ್ನು ವೆಂಟಿಲೇಟರ್ ರೋಗಿಗಳ ಆರೈಕೆಗೆ ತಯಾರು ಮಾಡುತ್ತೇನೆ ಎಂದು ಬರೆದರು. ವರ್ಷಕ್ಕೊಮ್ಮೆ ಅಂಕಪಟ್ಟಿಯ ಪ್ರತಿ ಸಲ್ಲಿಸುತ್ತೇನೆ ಎಂದರು. ಕೊನೆಗೆ ಆ ನಿಂತಿದ್ದ ಸಾಲು: "ಕೋರ್ಸ್ ಮುಗಿದ ನಂತರ ಕಾಲೇಜಿನ ಬೋಧಕ ಹುದ್ದೆಯಲ್ಲಿ ಮೂರು ವರ್ಷ ಸೇವೆ ಸಲ್ಲಿಸಲು ಸಿದ್ಧಳಿದ್ದೇನೆ."

ಅವರ ಕರಡು ಬೇಡ ಅನ್ನುವುದು ಬಿಟ್ಟು ಬಾಂಡ್‌ನ ಷರತ್ತನ್ನು ನಾವೇ ಯಾಕೆ ಮುಂದಿಡಬೇಕು ಅಂತ ಪರಿಚಯದ ವಕೀಲರೊಬ್ಬರು ನನ್ನನ್ನು ಕೇಳಿದ್ದರು. ಇದಕ್ಕೆ ನನ್ನ ಉತ್ತರ ಇವತ್ತೂ ಅದೇ. ಅರ್ಧ ಸಂಬಳ ಕೊಟ್ಟು, ಎರಡು ವರ್ಷ ಜಾಗ ಕಾಯ್ದಿಡುವವರ ಭಯ ಸುಳ್ಳಲ್ಲ. ಅದನ್ನು ನಾವೇ ಎತ್ತಿ ಮಾತಾಡಿದರೆ ಎಷ್ಟು ಅನ್ನುವುದಕ್ಕೆ ಒಂದು ಲೆಕ್ಕ ಸಿಗುತ್ತದೆ. ಅವರೇ ಬರೆದರೆ ಐದು ಲಕ್ಷದಂಥ ಅಂದಾಜಿನ ಮೊತ್ತ ಬರುತ್ತದೆ.

ನಾವು ಹಾಕಿದ ಲೆಕ್ಕ ಇದು. ತಿಂಗಳಿಗೆ 12,000ದಂತೆ 24 ತಿಂಗಳಿಗೆ ಆಸ್ಪತ್ರೆಯ ಖರ್ಚು 2,88,000. ಬಾಂಡ್ ಮೊತ್ತ ಅಷ್ಟೇ ಇರಲಿ. 36 ತಿಂಗಳ ಸೇವೆಯಲ್ಲಿ ತಿಂಗಳಿಗೆ 8,000ದಂತೆ ಅದು ಕರಗುತ್ತಾ ಹೋಗಲಿ. 20 ತಿಂಗಳು ಕೆಲಸ ಮಾಡಿ ಬಿಟ್ಟರೆ ಕಟ್ಟಬೇಕಾದದ್ದು 1,28,000. ಈ ಕರಗುವ ಸಾಲು ಇಲ್ಲದಿದ್ದರೆ 35 ತಿಂಗಳು ದುಡಿದವರ ಹತ್ತಿರವೂ ಪೂರ್ತಿ ಮೊತ್ತ ಕೇಳಲು ದಾರಿಯಾಗುತ್ತದೆ.

'ಬಾಂಡ್ ಎಲ್ಲ ಕೋರ್ಟಿನಲ್ಲಿ ನಿಲ್ಲಲ್ಲ, ಸುಮ್ನೆ ಸಹಿ ಹಾಕು' ಅಂತ ಆಕೆಗೆ ಗೆಳತಿಯರು ಹೇಳಿದ್ದರು. ಈ ಮಾತು ನನಗೆ ಸಿಟ್ಟು ತರಿಸುತ್ತದೆ. 2025ರ ಮೇ ತಿಂಗಳಲ್ಲಿ ವಿಜಯಾ ಬ್ಯಾಂಕ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಮೂರು ವರ್ಷದೊಳಗೆ ಕೆಲಸ ಬಿಟ್ಟರೆ ಎರಡು ಲಕ್ಷ ಕಟ್ಟಬೇಕೆಂಬ ಷರತ್ತನ್ನು ಎತ್ತಿಹಿಡಿಯಿತು. ಬಾಂಡ್ ತೋರಿಸಿ ಯಾರನ್ನೂ ಬಲವಂತವಾಗಿ ಕೆಲಸಕ್ಕೆ ನಿಲ್ಲಿಸಲಾಗುವುದಿಲ್ಲ, ನಿಜ. ಆದರೆ ಹಣ ಕೇಳಬಹುದು. ಕರಾರು ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಬರೆದ ಮೊತ್ತ ಮೇಲಿನ ಮಿತಿ. ಅದರೊಳಗೆ ಎಷ್ಟು ನ್ಯಾಯ ಅನ್ನುವುದನ್ನು ಕೋರ್ಟ್ ನೋಡುತ್ತದೆ. ಅಲ್ಲಿಯವರೆಗೆ ಅಲೆಯುವವರು ನೀವೇ ಅಲ್ವಾ? ಹಾಗಾಗಿ ಕೊನೆಯ ಕರಡನ್ನು ವಕೀಲರಿಗೆ ತೋರಿಸದೆ ಸಹಿ ಹಾಕಲು ನಾನು ಬಿಡುವುದಿಲ್ಲ.

ಖಾಲಿ ಚೆಕ್ಕು ಬೇಡವೇ ಬೇಡ ಎಂದೆ. ಅದರ ಮೇಲೆ ಯಾವ ಮೊತ್ತ ಬರೆದು ಬ್ಯಾಂಕಿಗೆ ಹಾಕುತ್ತಾರೋ ನಮ್ಮ ಕೈಯಲ್ಲಿರುವುದಿಲ್ಲ. ಅದು ವಾಪಸ್ ಬಂದರೆ ಕ್ರಿಮಿನಲ್ ಕೇಸಿನವರೆಗೂ ಹೋಗಬಹುದು. ಮೂಲ ಅಂಕಪಟ್ಟಿಯ ವಿಷಯ ಸುಲಭವಾಗಿ ಮುಗಿಯಿತು. ಪ್ರವೇಶಕ್ಕೆ ಕಾಲೇಜಿನವರೇ ಮೂಲ ಪ್ರತಿ ಕೇಳುತ್ತಾರೆ, ಆಸ್ಪತ್ರೆಗೆ ಎಲ್ಲಿಂದ ಕೊಡುವುದು?

ಕಷ್ಟವಾದದ್ದು ತಂದೆಯ ಜಾಮೀನು. 'ಅದು ಬರೀ ಒಂದು ಸಹಿ' ಅಂದುಕೊಂಡಿದ್ದರು ಆಕೆ. ಸಾಲಗಾರನಷ್ಟೇ ಹೊಣೆ ಜಾಮೀನುದಾರನಿಗೂ ಇರುತ್ತದೆ, ಮಗಳನ್ನು ಬಿಟ್ಟು ನೇರವಾಗಿ ಅಪ್ಪನನ್ನೇ ಕೇಳಬಹುದು ಎಂದಾಗ ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ, "ಅಪ್ಪನ ಹೊಲ ಇದರೊಳಗೆ ಬರೋದು ಬೇಡ ಅಕ್ಕ" ಅಂದರು.

ಇನ್ನೂ ಒಂದು ಮಾತನ್ನು ಆಕೆ ಹೇಳಲು ನಾಚಿಕೊಂಡಿದ್ದರು, ನಾನೇ ಎತ್ತಿದೆ. ಓದಿನ ಎರಡು, ಸೇವೆಯ ಮೂರು, ಒಟ್ಟು ಈ ಐದು ವರ್ಷದಲ್ಲಿ ಮಗು ಆಗಬಹುದು. ಹೆರಿಗೆ ರಜೆಯ ದಿನಗಳು 36 ತಿಂಗಳಲ್ಲಿ ಸೇರುತ್ತವೋ, ಸೇವೆ ಅಷ್ಟು ದಿನ ಮುಂದಕ್ಕೆ ಹೋಗುತ್ತದೋ? ಎರಡರಲ್ಲಿ ಒಂದನ್ನು ಈಗಲೇ ಬರೆಸಿಕೊಳ್ಳಿ ಎಂದೆ. ಹಾಗೇ, ಆಸ್ಪತ್ರೆಯೇ ಕೆಲಸದಿಂದ ತೆಗೆದರೆ ಬಾಂಡ್ ರದ್ದು ಅನ್ನುವ ಸಾಲೂ ಬೇಕು.

ಆಸ್ಪತ್ರೆಯವರು ಮೂರು ವರ್ಷಕ್ಕೆ ಒಪ್ಪಿದರು. ಕರಗುವ ಲೆಕ್ಕಕ್ಕೂ ಒಪ್ಪಿದರು. ಚೆಕ್ಕು ಬಿಟ್ಟರು. ಜಾಮೀನು ಬೇಕೇ ಬೇಕು ಅಂದಾಗ ಗಂಡ ಸಹಿ ಹಾಕಿದರು, ಮೊತ್ತ ಅವರಿಗೂ ತಿಂಗಳು ತಿಂಗಳು ಕರಗುತ್ತದೆ ಎಂದು ಬರೆಸಿಕೊಂಡೇ. ಹೆರಿಗೆ ರಜೆಯಷ್ಟು ದಿನ ಸೇವೆ ಮುಂದಕ್ಕೆ ಎಂದಾಯಿತು. ಆದರೆ ಬೋಧಕ ಹುದ್ದೆಯ ಭರವಸೆ ಮಾತ್ರ ಬರಹದಲ್ಲಿ ಕೊಡಲಿಲ್ಲ. 'ಹುದ್ದೆ ಖಾಲಿ ಇದ್ದರೆ ಮೊದಲ ಆದ್ಯತೆ' ಎಂದಷ್ಟೇ ಬರೆದರು.

ಆಕೆ ಅದನ್ನು ನನ್ನ ಮುಂದಿಟ್ಟು, ಸಹಿ ಹಾಕಲಾ ಅಂತ ಕೇಳಿದರು. ಹುದ್ದೆ ಖಾಲಿ ಇರದೆ ಮತ್ತೆ ಐಸಿಯುಗೇ ಬರಬೇಕಾದರೆ ಮೂರು ವರ್ಷ ಇರುತ್ತೀರಾ ಎಂದು ಕೇಳಿದೆ. ಒಂದು ವಾರ ಬೇಕು ಅಂದರು. ಎಂಟನೇ ದಿನ ಫೋನ್ ಬಂತು. "ಇರ್ತೀನಿ ಅಕ್ಕ. ಆದ್ರೆ ನೈಟ್ ಡ್ಯೂಟಿ ತಿಂಗಳಿಗೆ ಒಂದು ವಾರ ಮಾತ್ರ ಅಂತ ಬರೆಸ್ಕೊಂಡು ಬಂದೆ."