ಎರಡು ಹೇಳಿಕೆ ಸರಿ ಅಂತ ಗೊತ್ತಾದ ಮೇಲೂ ‘ಮೇಲಿನ ಎಲ್ಲವೂ’ ತಪ್ಪಾಗುವುದು ಎಲ್ಲಿ?

“ಎರಡು ಹೇಳಿಕೆ ಸರಿ ಅಂತ ಗೊತ್ತಾದರೆ ಮೂರನೆಯದನ್ನು ನೋಡಬೇಕಾಗಿಲ್ಲ, ‘ಮೇಲಿನ ಎಲ್ಲವೂ’ ಟಿಕ್ ಮಾಡು ಅಂತ ಸೀನಿಯರ್ ಒಬ್ಬರು ಹೇಳಿಕೊಟ್ಟರು. ಮಾಕ್ ಟೆಸ್ಟ್‌ಗಳಲ್ಲಿ ಅದರಿಂದಲೇ ಅಂಕ ಹೋಗುತ್ತಿದೆ. ಯಾಕೆ?”

ಕುಶಾಲನಗರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಮಕ್ಕಳಿಗೆ ಸಂಜೆ ಪಾಠ ಮಾಡುತ್ತೇನೆ. ಮಾಕ್ ಪ್ರಶ್ನೆಪತ್ರಿಕೆಗಳನ್ನೂ ನಾನೇ ತಯಾರಿಸುತ್ತೇನೆ. ನಿಮ್ಮ ಸೀನಿಯರ್ ಹೇಳಿದ್ದು ಸುಳ್ಳಲ್ಲ. ಆದರೆ ಅದು ಒಂದು ಬಗೆಯ ಪ್ರಶ್ನೆಗೆ ಹುಟ್ಟಿದ ನಿಯಮ, ನೀವು ಅದನ್ನು ಇನ್ನೊಂದು ಬಗೆಯ ಪ್ರಶ್ನೆಗೆ ಹಾಕುತ್ತಿದ್ದೀರಿ.

ಮೊದಲ ಬಗೆ ಇದು: ಕಾವೇರಿಯ ಉಪನದಿ ಯಾವುದು? ಎ) ಹಾರಂಗಿ, ಬಿ) ಹೇಮಾವತಿ, ಸಿ) ಲಕ್ಷ್ಮಣತೀರ್ಥ, ಡಿ) ಮೇಲಿನ ಎಲ್ಲವೂ. ಹಾರಂಗಿ ಕೂಡಿಗೆಯ ಬಳಿ ಕಾವೇರಿಗೆ ಸೇರುವುದನ್ನು ನೀವು ಕಂಡಿದ್ದೀರಿ, ಹೇಮಾವತಿ ಪಾಠದಲ್ಲಿ ಬಂದಿದೆ. ಅಷ್ಟು ಸಾಕು. ಉತ್ತರ ಒಂದೇ ಇರಬೇಕಾದ ಪ್ರಶ್ನೆಯಲ್ಲಿ ಎ ಮತ್ತು ಬಿ ಎರಡೂ ಸರಿಯಾದರೆ, ಆ ಎರಡರಲ್ಲಿ ಯಾವುದೊಂದನ್ನೂ ಉತ್ತರವಾಗಿ ಕೊಡಲಾಗದು. ಉಳಿಯುವುದು ಡಿ ಮಾತ್ರ. ಲಕ್ಷ್ಮಣತೀರ್ಥದ ಹೆಸರನ್ನೇ ಕೇಳಿಲ್ಲದವರಿಗೂ ಅಂಕ ಸಿಗುತ್ತದೆ. ಇಲ್ಲಿ ಬಲೆಗೆ ಬೀಳುವವರು ‘ಹಾರಂಗಿ ಸರಿ’ ಎಂದು ಕಂಡೊಡನೆ ಎ ತುಂಬಿ ಮುಂದೆ ಹೋಗುವವರು.

ಎರಡನೆಯ ಬಗೆಯಲ್ಲಿ ಆಯ್ಕೆಗಳೇ ಹೇಳಿಕೆಗಳಲ್ಲ, ಹೇಳಿಕೆಗಳ ಜೋಡಿಗಳು. ಕಳೆದ ಮಳೆಗಾಲದಲ್ಲಿ ನಾನು ಕೊಟ್ಟ ಪ್ರಶ್ನೆಯನ್ನೇ ನೋಡಿ:

ಕೊಡಗಿನ ಬಗ್ಗೆ ಈ ಹೇಳಿಕೆಗಳಲ್ಲಿ ಯಾವುದು ಅಥವಾ ಯಾವುವು ಸರಿ?
1. 1834ರಲ್ಲಿ ಬ್ರಿಟಿಷರು ಚಿಕ್ಕ ವೀರರಾಜೇಂದ್ರನನ್ನು ಪದಚ್ಯುತಗೊಳಿಸಿ ಕೊಡಗನ್ನು ವಶಪಡಿಸಿಕೊಂಡರು.
2. ದತ್ತು ಮಕ್ಕಳಿಗೆ ಹಕ್ಕಿಲ್ಲ ಎಂಬ ನೀತಿಯಡಿ ಕೊಡಗು ಬ್ರಿಟಿಷ್ ಆಳ್ವಿಕೆಗೆ ಸೇರಿತು.
3. 1956ರ ನವೆಂಬರ್ 1ರಂದು ಕೊಡಗು ಮೈಸೂರು ರಾಜ್ಯದಲ್ಲಿ ವಿಲೀನವಾಯಿತು.
ಎ) 1 ಮತ್ತು 2 ಮಾತ್ರ  ಬಿ) 1 ಮತ್ತು 3 ಮಾತ್ರ  ಸಿ) 2 ಮತ್ತು 3 ಮಾತ್ರ  ಡಿ) ಮೇಲಿನ ಎಲ್ಲವೂ

ಸೋಮವಾರಪೇಟೆ ಕಡೆಯಿಂದ ಬರುವ ಹುಡುಗಿಯೊಬ್ಬಳು ಡಿ ಬರೆದಿದ್ದಳು. ಚೆನ್ನಾಗಿ ಓದುವವಳು, ಅದಕ್ಕೇ ಕೂರಿಸಿಕೊಂಡು ಕೇಳಿದೆ. “ಒಂದು ಮತ್ತು ಮೂರು ನೂರಕ್ಕೆ ನೂರು ಗೊತ್ತಿತ್ತು ಸರ್. ಎರಡು ಸರಿಯಾದ ಮೇಲೆ ಎಲ್ಲವೂ ಸರಿಯೇ ಅಲ್ವಾ?” ಅಂದಳು. “ಅಲ್ಲಮ್ಮ, ಆ ಎರಡು ನಿನ್ನನ್ನು ಎಲ್ಲಿಗೆ ತಂದು ನಿಲ್ಲಿಸಿದವು, ನೋಡು” ಎಂದು ಆಯ್ಕೆಗಳನ್ನು ಒಂದೊಂದಾಗಿ ಹೊಡೆದುಹಾಕಲು ಹೇಳಿದೆ. 3 ಸರಿಯಾದ್ದರಿಂದ ಎ ಹೋಯಿತು. 1 ಸರಿಯಾದ್ದರಿಂದ ಸಿ ಹೋಯಿತು. ಬಿ ಮತ್ತು ಡಿ ಉಳಿದವು. ಇವೆರಡಕ್ಕೂ ಇರುವ ವ್ಯತ್ಯಾಸ ಹೇಳಿಕೆ 2 ಮಾತ್ರ, ಅವಳು ನೋಡದೆ ಬಿಟ್ಟದ್ದೂ ಅದನ್ನೇ. ಖಚಿತವಾಗಿ ಗೊತ್ತಿದ್ದ ಎರಡು ಹೇಳಿಕೆಗಳು ಅವಳಿಗೆ ಉತ್ತರ ಕೊಟ್ಟಿರಲಿಲ್ಲ, ಅರ್ಧ ದಾರಿಗೆ ತಂದು ಬಿಟ್ಟಿದ್ದವು ಅಷ್ಟೆ.

ಈಗ ಪ್ರಶ್ನೆ ಬರೆಯುವವನ ಕಡೆಯಿಂದ ಹೇಳುತ್ತೇನೆ. ಇಂಥ ಪ್ರಶ್ನೆಯಲ್ಲಿ ಎಲ್ಲರಿಗೂ ಗೊತ್ತಿರುವ ಎರಡು ಹೇಳಿಕೆಗಳನ್ನು ನಾನು ಬೇಕೆಂದೇ ಹಾಕುತ್ತೇನೆ. ಪರೀಕ್ಷೆ ನಿಜವಾಗಿ ನಡೆಯುವುದು ಉಳಿದ ಒಂದರಲ್ಲಿ. ಆ ಹೇಳಿಕೆ ನೋಡಿದ ಕೂಡಲೇ ಸುಳ್ಳು ಅನ್ನಿಸುವಂತಿದ್ದರೆ ಪ್ರಶ್ನೆಗೆ ಬೆಲೆಯಿಲ್ಲ. ಹಾಗಾಗಿ ಅದರಲ್ಲಿ ಬರುವ ಪದಗಳೆಲ್ಲ ನೀವು ಓದಿದವೇ ಆಗಿರುತ್ತವೆ. ದತ್ತು ನೀತಿ ಗೊತ್ತು, ಬ್ರಿಟಿಷ್ ಆಳ್ವಿಕೆ ಗೊತ್ತು, ಕೊಡಗು ಸೇರಿದ್ದೂ ಗೊತ್ತು. ಸುಳ್ಳಾಗಿರುವುದು ಇವುಗಳ ನಡುವಿನ ಸಂಬಂಧ. ಪದಗಳ ಪರಿಚಯವನ್ನೇ ಹೇಳಿಕೆಯ ಪರಿಶೀಲನೆ ಅಂದುಕೊಂಡಾಗ ಕಣ್ಣು ಅಲ್ಲಿ ನಿಲ್ಲದೆ ಜಾರುತ್ತದೆ. ಸುಳ್ಳು ಹೇಳಿಕೆಯನ್ನು ಕೊನೆಗಿಡದೆ ನಡುವೆ ಇಟ್ಟದ್ದೂ ಅದಕ್ಕಾಗಿಯೇ. ಅಕ್ಕಪಕ್ಕದ ಎರಡು ನಿಜಗಳ ನೆರಳಿನಲ್ಲಿ ಅದೂ ನಿಜದಂತೆ ಕಾಣುತ್ತದೆ.

ಆ ಹುಡುಗಿಗೆ ಹೇಳಿಕೆ 2 ನಿಜಕ್ಕೂ ಗೊತ್ತಿರಲಿಲ್ಲವೇ? ಗೊತ್ತಿತ್ತು. ಅದೇ ನನಗೆ ಬೇಸರವಾದದ್ದು. ಆ ನೀತಿಯನ್ನು ಯಾರ ಹೆಸರಿನೊಂದಿಗೆ ಓದಿದ್ದೀ ಎಂದು ಕೇಳಿದರೆ ತಕ್ಷಣ “ಡಾಲ್‌ಹೌಸಿ” ಎಂದಳು. ಡಾಲ್‌ಹೌಸಿ ಗವರ್ನರ್ ಜನರಲ್ ಆಗಿ ಬಂದದ್ದು 1848ರಲ್ಲಿ. ಕೊಡಗು ಹೋದದ್ದು ಅದಕ್ಕೆ ಹದಿನಾಲ್ಕು ವರ್ಷ ಮೊದಲು, ಬೆಂಟಿಂಕ್ ಕಾಲದಲ್ಲಿ, ದುರಾಡಳಿತದ ನೆಪದಲ್ಲಿ, ಸೈನ್ಯ ನುಗ್ಗಿಸಿ. ಇನ್ನೊಂದು ದಾರಿಯೂ ಇದೆ, ಅದು ನಮ್ಮ ಊರಿನವರಿಗೆ ಇನ್ನೂ ಹತ್ತಿರದ್ದು. ರಾಜ ಸ್ವಂತ ವಾರಸುದಾರರಿಲ್ಲದೆ ಸತ್ತಾಗ ಮಾತ್ರ ದತ್ತು ನೀತಿಗೆ ಕೆಲಸ. ಚಿಕ್ಕ ವೀರರಾಜೇಂದ್ರ ಆಗ ಬದುಕಿದ್ದ. ಅವನನ್ನು ಕಾಶಿಗೆ ಕಳಿಸಿದರು, 1852ರಲ್ಲಿ ಮಗಳು ಗೌರಮ್ಮನೊಂದಿಗೆ ಇಂಗ್ಲೆಂಡಿಗೆ ಹೋದ, ತೀರಿಕೊಂಡದ್ದೂ ಅಲ್ಲೇ. ಮಡಿಕೇರಿಯ ಗದ್ದುಗೆಯಲ್ಲಿ ದೊಡ್ಡ ವೀರರಾಜೇಂದ್ರನ ಸಮಾಧಿ ಇದೆ, ಲಿಂಗರಾಜೇಂದ್ರನದಿದೆ, ಇವನದಿಲ್ಲ. ಶಾಲೆಯಿಂದ ಗದ್ದುಗೆ ನೋಡಲು ಹೋದವರಿಗೆಲ್ಲ ಇದು ಗೊತ್ತು. ಹೇಳಿಕೆ 2ರ ಮುಂದೆ ಹತ್ತು ಸೆಕೆಂಡು ನಿಂತಿದ್ದರೆ ಉತ್ತರ ಬಿ ಎಂದು ಅವಳೇ ಕಂಡುಕೊಳ್ಳುತ್ತಿದ್ದಳು.

ಹಾಗಾಗಿ ನಾನು ಮಕ್ಕಳಿಗೆ ಈಗ ಕಲಿಸುವುದು ಹೀಗೆ. ಎರಡು ಹೇಳಿಕೆ ಖಚಿತವಾದ ಕೂಡಲೇ ಪೆನ್ನು ನಿಲ್ಲಿಸಿ ಆಯ್ಕೆಗಳ ಕಡೆ ನೋಡಿ. ನೀವು ಖಚಿತಪಡಿಸಿಕೊಂಡ ಅದೇ ಜೋಡಿ ‘ಮಾತ್ರ’ ಎಂಬ ಪದದೊಂದಿಗೆ ಅಲ್ಲಿದೆಯೇ? ಇದ್ದರೆ ಕೆಲಸ ಮುಗಿದಿಲ್ಲ, ಉಳಿದ ಹೇಳಿಕೆಯೇ ಪ್ರಶ್ನೆ. ಮೂರು ಹೇಳಿಕೆಗಳಿದ್ದು ಆ ಜೋಡಿಯೇ ಆಯ್ಕೆಗಳಲ್ಲಿ ಇಲ್ಲದಿದ್ದರೆ ನಿಮ್ಮ ಸೀನಿಯರ್ ನಿಯಮ ನಡೆಯುತ್ತದೆ, ನಿಶ್ಚಿಂತೆಯಿಂದ ಡಿ ತುಂಬಿ. ಯುಪಿಎಸ್‌ಸಿಯಲ್ಲಿ ಈಚೆಗೆ ಹೆಚ್ಚಾಗಿರುವ ‘ಒಂದು ಮಾತ್ರ, ಎರಡು ಮಾತ್ರ, ಎಲ್ಲ ಮೂರೂ’ ಮಾದರಿಯಲ್ಲಿ ಜೋಡಿಗಳ ಹೆಸರೇ ಇರುವುದಿಲ್ಲ. ಆದರೆ ‘ಎರಡು ಮಾತ್ರ’ ಎಂಬುದು ನಿಮ್ಮ ಜೋಡಿಯ ಜಾಗದಲ್ಲೇ ಕೂತಿರುತ್ತದೆ, ಅಲ್ಲೂ ಮೂರನೆಯದನ್ನು ಬಿಡುವಂತಿಲ್ಲ.

ನಾಲ್ಕು ಹೇಳಿಕೆಗಳಿದ್ದಾಗ ಎಲ್ಲವನ್ನೂ ನೋಡಲೇಬೇಕು ಅಂತೇನಿಲ್ಲ. ‘1 ಮತ್ತು 2 ಮಾತ್ರ’, ‘1, 2 ಮತ್ತು 3 ಮಾತ್ರ’, ‘ಮೇಲಿನ ಎಲ್ಲವೂ’ ಎಂಬ ಮೂರು ಉಳಿದಿವೆ ಅನ್ನಿ. ನಾಲ್ಕನೆಯ ಹೇಳಿಕೆ ಸರಿ ಎಂದು ಗೊತ್ತಿದ್ದರೆ ಮೂರನೆಯದನ್ನು ಓದದೆಯೂ ‘ಎಲ್ಲವೂ’ ಎನ್ನಬಹುದು, ಯಾಕೆಂದರೆ ನಾಲ್ಕನ್ನು ಒಳಗೊಂಡ ಆಯ್ಕೆ ಅದೊಂದೇ.

ಉಳಿದ ಹೇಳಿಕೆ ನಿಜವಾಗಿಯೂ ಗೊತ್ತಿಲ್ಲದಿದ್ದರೆ? ಹಾಗೇ ಬಿಟ್ಟು ಬರಬೇಡಿ. ಯುಪಿಎಸ್‌ಸಿ ಪ್ರಿಲಿಮ್ಸ್‌ನಲ್ಲಿ ತಪ್ಪು ಉತ್ತರಕ್ಕೆ ಪ್ರಶ್ನೆಯ ಅಂಕದ ಮೂರನೇ ಒಂದು ಭಾಗ ಹೋಗುತ್ತದೆ. ಎರಡು ಅಂಕದ ಪ್ರಶ್ನೆಯಲ್ಲಿ ಎರಡೇ ಆಯ್ಕೆ ಉಳಿದಿದ್ದರೆ, ಸರಿಯಾದರೆ 2 ಬರುತ್ತದೆ, ತಪ್ಪಾದರೆ ಸುಮಾರು 0.66 ಹೋಗುತ್ತದೆ, ಊಹಿಸುವುದು ಲಾಭವೇ. ಆದರೆ ಅದನ್ನು ‘ಗೊತ್ತಿದ್ದದ್ದು’ ಎಂದು ಲೆಕ್ಕ ಹಾಕಬೇಡಿ. ಪ್ರಶ್ನೆಪತ್ರಿಕೆಯಲ್ಲಿ ಅದರ ಪಕ್ಕ ಒಂದು ಗುರುತು ಹಾಕಿಕೊಂಡು, ಕೊನೆಗೆ ಸಮಯ ಉಳಿದರೆ ಆ ಒಂದು ಹೇಳಿಕೆಯನ್ನು ಮಾತ್ರ ಮತ್ತೆ ಓದಿ.