ನೆಲದ ಓಝೋನ್ ಮೇಲಿನ ತೂತು ಮುಚ್ಚಬಲ್ಲದೇ?

ಪ್ರಶ್ನೆ: ದಾವಣಗೆರೆಯ ಗಾಡಿ ಹೊಗೆಯಿಂದಲೂ ಓಝೋನ್ ಹುಟ್ಟುತ್ತದಂತೆ. ಹಾಗಾದ್ರೆ ಅದೇ ಮೇಲೆ ಹೋಗಿ ಓಝೋನ್ ಪದರದ ತೂತು ಮುಚ್ಚಬಾರದಾ?

ಉತ್ತರ: ಮುಚ್ಚಲ್ಲ. ಓಝೋನ್ ಪದರ ಇರುವುದು ಸುಮಾರು 15ರಿಂದ 35 ಕಿ.ಮೀ. ಎತ್ತರದಲ್ಲಿ. ನೆಲದ ಓಝೋನ್ ಅಷ್ಟು ದೂರ ಏರುವ ಮೊದಲೇ ಗಿಡ, ಮಣ್ಣು, ಬೇರೆ ಅನಿಲಗಳಿಗೆ ತಾಗಿ ಮುಗಿದುಹೋಗುತ್ತದೆ. ಹಳೇ ಫ್ರಿಜ್‌ಗಳ ಸಿಎಫ್‌ಸಿ ಹಾಗಲ್ಲ. ಕ್ಲೋರಿನ್ ಇರುವ ಈ ಅನಿಲ ಕೆಳಗೆ ಯಾವುದರ ಜೊತೆಗೂ ಸೇರದೆ ಮೇಲೆ ಹೋಗುತ್ತದೆ. ಅಲ್ಲಿ ಬಿಸಿಲಿನ ಯುವಿ ಕಿರಣ ಅದರಿಂದ ಕ್ಲೋರಿನ್ ಬಿಡಿಸುತ್ತದೆ:

Cl + O₃ → ClO + O₂
ClO + O → Cl + O₂

ಕೊನೆಯಲ್ಲಿ ಕ್ಲೋರಿನ್ ಮತ್ತೆ ಒಂಟಿ, ಮತ್ತೆ ಬೇಟೆ. ಹೈಡ್ರೋಜನ್ ಕ್ಲೋರೈಡ್ ಆಗಿ ಸಿಕ್ಕಿಬೀಳುವ ಮೊದಲು ಒಂದೇ ಪರಮಾಣು ಸಾವಿರಾರು ಓಝೋನ್ ಅಣುಗಳನ್ನು ಒಡೆದಿರುತ್ತದೆ.

ನೆಲದಲ್ಲಿ ಕಥೆಯೇ ಬೇರೆ. ಪಿ.ಬಿ. ರಸ್ತೆಯ ಲಾರಿ, ಆಟೋ ಬಿಡುವ NO ಎಂಬ ಅನಿಲ ಮೊದಲು ಅಲ್ಲೇ ಇರುವ ಓಝೋನ್ ತಿಂದು NO₂ ಆಗುತ್ತದೆ. ಬಿಸಿಲು NO₂ ಒಡೆದಾಗ ಬಿಡಿ ಆಮ್ಲಜನಕ ಬಂದು ಮತ್ತೆ ಓಝೋನ್ ಆಗುತ್ತದೆ. ಇಷ್ಟೇ ಆದರೆ ಲೆಕ್ಕ ಸಮ, ಏನೂ ಹೆಚ್ಚುವುದಿಲ್ಲ. ಆದರೆ ಅರೆಬೆಂದ ಪೆಟ್ರೋಲಿನ ಆವಿಯಿಂದ ಹುಟ್ಟುವ, ಬೇರೆ ಅಣುಗಳ ಜೊತೆ ತಟ್ಟನೆ ಸೇರುವ ತುಣುಕುಗಳಾದ ರ‍್ಯಾಡಿಕಲ್‌ಗಳು ಓಝೋನ್ ಖರ್ಚಿಲ್ಲದೆಯೇ NO ಅನ್ನು NO₂ ಮಾಡಿಬಿಡುತ್ತವೆ. ಆಗ ಓಝೋನ್ ಉಳಿದು ಜಾಸ್ತಿಯಾಗುತ್ತದೆ.

ಹಾಗಾಗಿ ಅಳೆದು ನೋಡಿದರೆ ಬೆಳಗ್ಗೆ ದಟ್ಟ ಟ್ರಾಫಿಕ್‌ನ ಪಕ್ಕದಲ್ಲೇ ಓಝೋನ್ ಕಡಿಮೆ ಸಿಗುವುದು ಸಾಮಾನ್ಯ. ಮಧ್ಯಾಹ್ನದ ಬಿಸಿಲಲ್ಲಿ, ಗಾಳಿ ಹೊಗೆಯನ್ನು ಒಯ್ಯುವ ಕಡೆಯ ಊರ ಹೊರಗೆ ಹೆಚ್ಚು ಸಿಗುತ್ತದೆ. ಕಣ್ಣಿಗೆ ಕಾಣುವ ಕಂದು ಮಬ್ಬಿನ ಬಣ್ಣ NO₂ದ್ದು, ಓಝೋನ್ ಕಾಣುವುದಿಲ್ಲ.